ಮೆಷಿನ್ ಲಾಗ್‌ಬುಕ್‌ನಿಂದ ಒಂದು ಪುಟದ ವರದಿ: ನಿಂತ ಕಾರಣ, ಮರುಕಳಿಸುವ ದೋಷ, ಖರ್ಚಾದ ಸ್ಪೇರ್

ಮೆಂಟೆನೆನ್ಸ್ ಲಾಗ್‌ಬುಕ್‌ನಿಂದ ಸೂಪರ್‌ವೈಸರ್‌ಗೆ ತಿಂಗಳಿಗೊಮ್ಮೆ ಬೇಕಾಗುವುದು ಮೂರು ಉತ್ತರ. ಮೆಷಿನ್‌ಗಳು ಯಾಕೆ ನಿಂತವು, ಯಾವ ದೋಷ ಮತ್ತೆ ಮತ್ತೆ ಬರುತ್ತಿದೆ, ಯಾವ ಸ್ಪೇರ್ ಎಷ್ಟು ಖರ್ಚಾಯಿತು. ಲೆಕ್ಕ ಹಾಕುವುದು ಎಕ್ಸೆಲ್‌ಗೆ ಎರಡು ನಿಮಿಷದ ಕೆಲಸ. ಕಷ್ಟ ಇರುವುದು ಅದಕ್ಕೂ ಮೊದಲು. ಒಂದೇ ದೋಷವನ್ನು ಒಬ್ಬೊಬ್ಬ ಶಿಫ್ಟ್‌ನವರು ಒಂದೊಂದು ಹೆಸರಲ್ಲಿ ಬರೆದಿರುತ್ತಾರೆ. ಆ ಹೆಸರುಗಳನ್ನೇ ಹಾಗೇ ಕೂಡಿಸಿದರೆ ದೊಡ್ಡ ದೋಷವೊಂದು ನಾಲ್ಕು ಚಿಕ್ಕ ದೋಷಗಳಾಗಿ ಒಡೆದುಹೋಗಿ, ಯಾರ ಕಣ್ಣಿಗೂ ಬೀಳುವುದಿಲ್ಲ.

ಪೀಣ್ಯದಲ್ಲಿ ಇರುವಂಥ ಒಂದು ಮಷೀನ್ ಶಾಪ್ ಅನ್ನು ಮಾದರಿಯಾಗಿ ಇಟ್ಟುಕೊಳ್ಳೋಣ. 6 ಸಿಎನ್‌ಸಿ ಲೇತ್, 2 ವಿಎಂಸಿ, ಒಂದು ಸ್ಕ್ರೂ ಕಂಪ್ರೆಸರ್. ಮೂರು ಶಿಫ್ಟ್, ಭಾನುವಾರ ರಜೆ. ಜೂನ್ ತಿಂಗಳ ಲಾಗ್‌ಬುಕ್‌ನಲ್ಲಿ 38 ಸಾಲು ಇವೆ ಅಂದುಕೊಳ್ಳಿ. ಅಂಕಿಗಳು ನಾನು ಉದಾಹರಣೆಗೆಂದು ಕಟ್ಟಿದವು. ಆದರೆ ಇಂಥ ಸಾಲುಗಳು ನಿಮ್ಮ ಪುಸ್ತಕದಲ್ಲೂ ಸಿಗುತ್ತವೆ.

ಅದರಲ್ಲಿ ಸಿಎನ್‌ಸಿ-4ರ ಐದು ಸಾಲುಗಳನ್ನು ಮೊದಲು ಓದಿ. ಕೊನೆಯವರೆಗೂ ಇವು ನಮ್ಮ ಜೊತೆ ಇರುತ್ತವೆ.

- 3ನೇ ತಾರೀಖು, 23:40ರಿಂದ 00:25. ಚಕ್ ಪ್ರೆಷರ್ ಲೋ ಅಲಾರಂ. ಪ್ರೆಷರ್ ಅಡ್ಜಸ್ಟ್ ಮಾಡಿದೆ. ಓಕೆ.
- 9ನೇ ತಾರೀಖು, 10:15ರಿಂದ 10:50. ಹೈಡ್ರಾಲಿಕ್ ಟ್ಯಾಂಕ್ ಲೆವೆಲ್ ಲೋ. ಆಯಿಲ್ 8 ಲೀಟರ್ ಹಾಕಿದೆ.
- 11ನೇ ತಾರೀಖು, 14:30ರಿಂದ 16:40. ಜಾಬ್ ಜಾರಿ ಇನ್ಸರ್ಟ್ ಒಡೆಯಿತು. ಸಾಫ್ಟ್ ಜಾ ಮತ್ತೆ ಬೋರ್ ಮಾಡಿ ಕೊಟ್ಟೆ.
- 17ನೇ ತಾರೀಖು, 06:50ರಿಂದ 11:20. ಚಕ್ ಕ್ಲ್ಯಾಂಪ್ ಆಗ್ತಿಲ್ಲ. ಪ್ರೆಷರ್ ಸ್ವಿಚ್ ಬದಲಾಯಿಸಿದೆ. ಸ್ವಿಚ್ ತರಿಸಲು 3 ಗಂಟೆ.
- 24ನೇ ತಾರೀಖು, 20:05ರಿಂದ 20:35. ಆಯಿಲ್ ಲೆವೆಲ್ ಲೋ. 10 ಲೀಟರ್ ಹಾಕಿದೆ.

ಮೊದಲ ಹೆಜ್ಜೆ: ಯಾವ ಸಾಲು ಬ್ರೇಕ್‌ಡೌನ್, ಯಾವುದು ಅಲ್ಲ

38 ಸಾಲನ್ನೂ ಹಾಳೆಗೆ ಇಳಿಸಿ. ಒಂದನ್ನೂ ಬಿಡಬೇಡಿ, ಅಳಿಸಬೇಡಿ. ಪ್ರತಿ ಸಾಲಿಗೆ ಲಾಗ್‌ಬುಕ್‌ನ ಪುಟ ಸಂಖ್ಯೆ ಹಾಕಿಕೊಳ್ಳಿ. ಯಾರಾದರೂ "ಇದು ಎಲ್ಲಿಂದ ಬಂತು" ಎಂದು ಕೇಳಿದರೆ ಪುಟ ತೆಗೆದು ತೋರಿಸಲು ಬರಬೇಕು. ಟೆಕ್ನಿಷಿಯನ್ ಬರೆದ ಮಾತನ್ನೂ ಇದ್ದ ಹಾಗೇ ಟೈಪ್ ಮಾಡಿ. ತಿದ್ದಿ ಚಂದ ಮಾಡುವುದು ಬೇಡ. ನಿಮ್ಮ ಅರ್ಥವನ್ನು ಬೇರೆ ಕಾಲಂನಲ್ಲಿ ಬರೆಯಲು ಜಾಗ ಇದೆ.

ಆಮೇಲೆ ಬ್ರೇಕ್‌ಡೌನ್ ಅಲ್ಲದ ಸಾಲುಗಳಿಗೆ ಗುರುತು ಹಾಕಿ. ಕರೆಂಟ್ ಹೋದದ್ದು, ಮೊದಲೇ ಗೊತ್ತುಮಾಡಿದ ಪಿಎಂ ಕೆಲಸ, ಹೊಸ ಜಾಬ್‌ಗೆ ಸೆಟ್ಟಿಂಗ್ ಮಾಡಿದ್ದು, ಇವು ಮೆಷಿನ್ ಕೆಟ್ಟದ್ದರ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಮಾದರಿಯಲ್ಲಿ ಇಂಥವು 5. ಇವು ಹಾಳೆಯಲ್ಲೇ ಇರಲಿ, ಮೊತ್ತಕ್ಕೆ ಮಾತ್ರ ಸೇರದಿರಲಿ.

ಇನ್ನೊಂದು ಬಗೆ ಇದೆ, ಅದು ಸ್ವಲ್ಪ ಅಡಗಿರುತ್ತದೆ. ಕಂಪ್ರೆಸರ್ ನಿಂತ ದಿನ ವಿಎಂಸಿ-1 ಮತ್ತು ವಿಎಂಸಿ-2ರ ಎದುರಲ್ಲೂ "ಏರ್ ಪ್ರೆಷರ್ ಲೋ ಅಲಾರಂ" ಎಂದು ಸಾಲು ಇರುತ್ತದೆ. ಸಾಲು ಮೂರು, ದೋಷ ಒಂದೇ. ಎರಡು ವಿಎಂಸಿ ಸಾಲುಗಳನ್ನು ಕಂಪ್ರೆಸರ್ ಸಾಲಿನ ಕೆಳಗೆ ಕಟ್ಟಿಬಿಡಿ, ಇಲ್ಲದಿದ್ದರೆ ವಿಎಂಸಿಗಳು ಸುಮ್ನೆ ಕೆಟ್ಟ ಹೆಸರು ಹೊರುತ್ತವೆ. ಪತ್ತೆ ಹಚ್ಚುವುದು ಸುಲಭ. ಹಾಳೆಯನ್ನು ತಾರೀಖು ಮತ್ತು ಸಮಯದ ಕ್ರಮದಲ್ಲಿ ಜೋಡಿಸಿ, ಅರ್ಧ ಗಂಟೆಯೊಳಗೆ ಬೇರೆ ಬೇರೆ ಮೆಷಿನ್ ನಿಂತಿದ್ದರೆ ಗಾಳಿ, ಕರೆಂಟ್, ಕೂಲಂಟ್ ಲೈನ್ ಥರದ ಹಂಚಿಕೊಂಡ ಸೌಲಭ್ಯ ಇದೆಯಾ ನೋಡಿ.

5 ಹೊರಗೆ, 2 ಕಂಪ್ರೆಸರ್‌ಗೆ ಸೇರಿದವು. ಉಳಿದದ್ದು 31.

ಎರಡನೇ ಹೆಜ್ಜೆ: ನಿಂತ ಸಮಯ

ಲಾಗ್‌ಬುಕ್‌ನಲ್ಲಿ ಇರುವ ಶುರುವಿನ ಸಮಯ ಸಾಮಾನ್ಯವಾಗಿ ಮೆಂಟೆನೆನ್ಸ್‌ಗೆ ಸುದ್ದಿ ತಲುಪಿದ ಸಮಯ. ಮೆಷಿನ್ ಅದಕ್ಕೂ ಮುಂಚೆ ನಿಂತಿರುತ್ತದೆ. ಮುಗಿದ ಸಮಯವೂ ಹಾಗೇ. ಟೆಕ್ನಿಷಿಯನ್ ಕೈ ತೊಳೆದುಕೊಂಡು ಹೋದ ಹೊತ್ತಿಗೂ, ಮೊದಲ ಓಕೆ ಪೀಸ್ ಬಂದ ಹೊತ್ತಿಗೂ ಅಂತರ ಇರುತ್ತದೆ. ಪ್ರೊಡಕ್ಷನ್‌ನವರ ಗಂಟೆವಾರು ರಿಪೋರ್ಟ್ ಪಕ್ಕದಲ್ಲಿಟ್ಟುಕೊಳ್ಳಿ. ನಿಂತ ಸಮಯಕ್ಕೆ ಆಪರೇಟರ್ ಬರೆದದ್ದನ್ನು, ಮತ್ತೆ ಶುರುವಾದ ಸಮಯಕ್ಕೆ ಮೊದಲ ಓಕೆ ಪೀಸ್‌ನ ಸಮಯವನ್ನು ತೆಗೆದುಕೊಳ್ಳಿ. ಎಲ್ಲ ಸಾಲಿಗೂ ಇದೇ ನಿಯಮ ಇರಲಿ. ಅರ್ಧಕ್ಕೆ ಒಂದು, ಅರ್ಧಕ್ಕೆ ಇನ್ನೊಂದು ಮಾಡಿದರೆ ಹೋಲಿಕೆಗೆ ಅರ್ಥವೇ ಇರುವುದಿಲ್ಲ.

ರಾತ್ರಿ ಶಿಫ್ಟ್‌ನ ಸಾಲುಗಳು ಎಕ್ಸೆಲ್‌ನಲ್ಲಿ ತೊಂದರೆ ಕೊಡುತ್ತವೆ. 23:40ರಿಂದ 00:25 ಎಂದು ನೇರವಾಗಿ ಕಳೆದರೆ ಮೈನಸ್ ಬರುತ್ತದೆ. C ಕಾಲಂನಲ್ಲಿ ನಿಂತ ಸಮಯ, D ಕಾಲಂನಲ್ಲಿ ಮತ್ತೆ ಶುರುವಾದ ಸಮಯ ಇದ್ದರೆ ಈ ಸೂತ್ರ ನಿಮಿಷದಲ್ಲಿ ಸರಿಯಾದ ಉತ್ತರ ಕೊಡುತ್ತದೆ:

```
=MOD(D2-C2,1)*1440
```

3ನೇ ತಾರೀಖಿನ ಸಾಲಿಗೆ 45 ನಿಮಿಷ ಬರುತ್ತದೆ. ಈ ಸೂತ್ರಕ್ಕೆ ಒಂದು ಮಿತಿ ಇದೆ. ಮೆಷಿನ್ 24 ಗಂಟೆಗಿಂತ ಜಾಸ್ತಿ ನಿಂತಿದ್ದರೆ ಪೂರ್ತಿ ದಿನಗಳನ್ನು ಇದು ನುಂಗಿಬಿಡುತ್ತದೆ. ಅಂಥ ಸಾಲಿಗೆ ತಾರೀಖು ಸಮೇತ ಸಮಯ ಬರೆದು ನೇರವಾಗಿ ಕಳೆಯಿರಿ. ಶನಿವಾರ ಸಂಜೆ ಕೆಟ್ಟು ಸೋಮವಾರ ಸರಿಯಾದ ಮೆಷಿನ್‌ಗೆ ಭಾನುವಾರದ ಗಂಟೆಗಳನ್ನು ಸೇರಿಸಬೇಡಿ. ಓಡಬೇಕಿದ್ದ ಗಂಟೆಗಳಷ್ಟೇ ಲೆಕ್ಕ.

ಮಾದರಿಯ ಒಟ್ಟು 52 ಗಂಟೆ ಬಂತು. ಈ ಸಂಖ್ಯೆಯನ್ನು ಹಾಗೇ ಕೊಟ್ಟರೆ ಸೂಪರ್‌ವೈಸರ್‌ಗೆ ಏನೂ ಮಾಡಲು ಬರುವುದಿಲ್ಲ. ಇದನ್ನು ನಾಲ್ಕು ಪಾಲು ಮಾಡಿ: ಟೆಕ್ನಿಷಿಯನ್ ಬರುವವರೆಗೆ ಕಾದದ್ದು 6 ಗಂಟೆ, ಕೈ ಹಾಕಿ ಕೆಲಸ ಮಾಡಿದ್ದು 26, ಸ್ಪೇರ್‌ಗೆ ಕಾದದ್ದು 17, ಟ್ರಯಲ್ ಮತ್ತು ಮೊದಲ ಪೀಸ್ 3. ಈಗ ಗೊತ್ತಾಗುತ್ತದೆ, ಮೂರನೇ ಒಂದು ಭಾಗದಷ್ಟು ಹೊತ್ತು ಸ್ಪೇರ್ ದಾರಿ ಕಾಯುವುದರಲ್ಲೇ ಹೋಗಿದೆ. ಅದು ಟೆಕ್ನಿಷಿಯನ್ ತಪ್ಪಲ್ಲ, ಸ್ಟೋರ್ ಮತ್ತು ಪರ್ಚೇಸ್ ಜೊತೆ ಕೂತು ಮಾತಾಡಬೇಕಾದ ವಿಷಯ. ಲಾಗ್‌ಬುಕ್‌ನಲ್ಲಿ ಕಾದ ಸಮಯ ಬರೆದಿಲ್ಲದಿದ್ದರೆ ಸ್ಟೋರ್ ಇಶ್ಯೂ ಸ್ಲಿಪ್ ಮತ್ತು ಗೇಟ್ ರಿಜಿಸ್ಟರ್ ನೋಡಿ. ಎರಡರಲ್ಲೂ ಸಿಗದಿದ್ದರೆ ಆ ಕೋಶ ಖಾಲಿ ಬಿಡಿ. ಊಹಿಸಿ ತುಂಬಬೇಡಿ.

ಸರಾಸರಿ ರಿಪೇರಿ ಸಮಯ, ಅಂದರೆ ಎಂಟಿಟಿಆರ್ ಕೊಡಿ ಎಂದು ಮೇಲಿನವರು ಕೇಳುತ್ತಾರೆ. 52 ಗಂಟೆಯನ್ನು 31ರಿಂದ ಭಾಗಿಸಿದರೆ ಸುಮಾರು 101 ನಿಮಿಷ. ಆದರೆ ಕಂಪ್ರೆಸರ್ ಒಂದೇ ಸಲಕ್ಕೆ 14 ಗಂಟೆ ನಿಂತಿತ್ತು. ಆ ಒಂದು ಸಾಲು ತೆಗೆದರೆ ಸರಾಸರಿ 76 ನಿಮಿಷಕ್ಕೆ ಇಳಿಯುತ್ತದೆ. ಒಂದೇ ಸಾಲಿಗೆ ಇಷ್ಟು ಅಲುಗಾಡುವ ಸಂಖ್ಯೆಯನ್ನು ಒಂಟಿಯಾಗಿ ಬರೆಯಬಾರದು. ಎರಡನ್ನೂ ಬರೆಯಿರಿ, ಕಾರಣ ಒಂದು ಸಾಲಿನಲ್ಲಿ ಹೇಳಿ.

ಮೂರನೇ ಹೆಜ್ಜೆ: ದೂರು ಬೇರೆ, ಕಾರಣ ಬೇರೆ, ಮಾಡಿದ ಕೆಲಸ ಬೇರೆ

ಇಲ್ಲಿ ಆತುರ ಬೇಡ. ಇಡೀ ವರದಿಯ ಬೆಲೆ ಇರುವುದು ಈ ಹೆಜ್ಜೆಯಲ್ಲಿ.

"ಚಕ್ ಪ್ರೆಷರ್ ಲೋ" ಎಂಬುದು ಆಪರೇಟರ್ ಕಂಡ ಲಕ್ಷಣ. "ಪ್ರೆಷರ್ ಅಡ್ಜಸ್ಟ್ ಮಾಡಿದೆ" ಎಂಬುದು ಮಾಡಿದ ಕೆಲಸ. ಪ್ರೆಷರ್ ಯಾಕೆ ಇಳಿಯಿತು ಎಂದು ಆ ಸಾಲಿನಲ್ಲಿ ಎಲ್ಲೂ ಇಲ್ಲ. ಆದರೂ ಎಷ್ಟೋ ವರದಿಗಳಲ್ಲಿ ಕಾರಣದ ಕಾಲಂನಲ್ಲಿ "ಪ್ರೆಷರ್ ಲೋ" ಎಂದೇ ಇರುತ್ತದೆ. ಅದು ಕಾರಣ ಅಲ್ಲ, ಅಲ್ವಾ? ತೈಲ ಮತ್ತು ಅನಿಲ ಉದ್ಯಮದವರು ಬಳಸುವ ಐಎಸ್‌ಒ 14224 ಎಂಬ ಮಾನದಂಡ ಕೂಡ ದೋಷ ಹೇಗೆ ಕಾಣಿಸಿತು ಎಂಬುದನ್ನೂ, ಯಾಕೆ ಬಂತು ಎಂಬುದನ್ನೂ ಬೇರೆ ಬೇರೆ ದಾಖಲಿಸಲು ಹೇಳುತ್ತದೆ. ಅಷ್ಟು ದೊಡ್ಡ ಪಟ್ಟಿ ಒಂದು ಮಷೀನ್ ಶಾಪ್‌ಗೆ ಬೇಕಿಲ್ಲ. ಆ ಬೇರ್ಪಡಿಕೆ ಮಾತ್ರ ಬೇಕೇ ಬೇಕು.

ಹಾಗಾಗಿ E, F, G ಎಂದು ಮೂರು ಕಾಲಂ ಮಾಡಿ: ಲಕ್ಷಣ, ಕಂಡ ಕಾರಣ, ಮಾಡಿದ ಕೆಲಸ. ಕಾರಣ ಬರೆದಿಲ್ಲದಿದ್ದರೆ F ಕಾಲಂನಲ್ಲಿ "ಬರೆದಿಲ್ಲ" ಎಂದೇ ಹಾಕಿ. ಮೊದಲ ಸಲ ಮಾಡಿದಾಗ ಅರ್ಧಕ್ಕರ್ಧ "ಬರೆದಿಲ್ಲ" ಬಂದರೂ ಗಾಬರಿ ಬೇಡ. ಅದನ್ನು ಮುಚ್ಚಿಡದೆ ಇದ್ದರೆ ಮಾತ್ರ ಮುಂದಿನ ತಿಂಗಳು ಶಿಫ್ಟ್‌ನವರಿಗೆ ಏನು ಬರೆಯಬೇಕು ಎಂದು ಹೇಳಲು ಆಧಾರ ಸಿಗುತ್ತದೆ.

H ಕಾಲಂ ಅತಿ ಮುಖ್ಯ: ಜಾಗ. ಮೆಷಿನ್‌ನ ಯಾವ ವ್ಯವಸ್ಥೆ ಕೆಲಸ ನಿಲ್ಲಿಸಿತು? ಸಿಎನ್‌ಸಿ ಲೇತ್‌ಗೆ ಏಳೆಂಟು ಹೆಸರು ಸಾಕು. ಚಕ್ ಮತ್ತು ಹೈಡ್ರಾಲಿಕ್, ಟರೆಟ್, ಸ್ಪಿಂಡಲ್, ಆ್ಯಕ್ಸಿಸ್, ಲೂಬ್ರಿಕೇಷನ್, ಕೂಲಂಟ್ ಮತ್ತು ಚಿಪ್ ಕನ್ವೇಯರ್, ಎಲೆಕ್ಟ್ರಿಕಲ್ ಮತ್ತು ಸೆನ್ಸರ್. ಇವನ್ನು ಡ್ರಾಪ್‌ಡೌನ್ ಪಟ್ಟಿಯಾಗಿ ಕಟ್ಟಿ, ಟೈಪ್ ಮಾಡಲು ಬಿಡಬೇಡಿ. ಒಂದು ಸ್ಪೇಸ್ ಹೆಚ್ಚಾದರೂ ಎಕ್ಸೆಲ್ ಅದನ್ನು ಬೇರೆ ಹೆಸರು ಎಂದೇ ಎಣಿಸುತ್ತದೆ. 40 ಹೆಸರಿನ ಪಟ್ಟಿ ಮಾಡುವ ಆಸೆ ಬರುತ್ತದೆ, ಮಾಡಬೇಡಿ. ಪಟ್ಟಿ ಉದ್ದವಾದಷ್ಟೂ ಒಂದೇ ದೋಷ ಎರಡು ಹೆಸರಿಗೆ ಹಂಚಿಹೋಗುವುದು ಜಾಸ್ತಿ.

ಜಾಗ ಗುರುತಿಸುವಾಗ ಒಂದು ನಿಯಮ ಬಿಡಬೇಡಿ. ಬದಲಾಯಿಸಿದ ಭಾಗದ ಜಾತಿ ನೋಡಿ ಜಾಗ ಬರೆಯಬೇಡಿ. ನಿಂತುಹೋದ ಕೆಲಸ ಯಾವುದು ಎಂದು ನೋಡಿ ಬರೆಯಿರಿ. 17ನೇ ತಾರೀಖು ಬದಲಾಯಿಸಿದ್ದು ಪ್ರೆಷರ್ ಸ್ವಿಚ್, ಅದು ಎಲೆಕ್ಟ್ರಿಕಲ್ ಸಾಮಾನು. ಆದರೆ ನಿಂತದ್ದು ಚಕ್ ಹಿಡಿಯುವ ಕೆಲಸ. ಆದ್ದರಿಂದ ಜಾಗ "ಚಕ್ ಮತ್ತು ಹೈಡ್ರಾಲಿಕ್". ಭಾಗದ ಜಾತಿ ನೋಡಿ ಬರೆದಿದ್ದರೆ 270 ನಿಮಿಷದ ಈ ಸಾಲು ಎಲೆಕ್ಟ್ರಿಕಲ್ ಗುಂಪಿಗೆ ಹೋಗುತ್ತಿತ್ತು. 11ನೇ ತಾರೀಖಿನ 130 ನಿಮಿಷ ಟೂಲಿಂಗ್‌ಗೆ ಹೋಗುತ್ತಿತ್ತು. ಚಕ್‌ಗೆ ಉಳಿಯುತ್ತಿದ್ದದ್ದು ಮೂರು ಸಣ್ಣ ಸಾಲು, 110 ನಿಮಿಷ. ಯಾರು ತಲೆ ಕೆಡಿಸಿಕೊಳ್ಳುತ್ತಿದ್ದರು?

ಹೀಗೆ ಗುರುತಿಸಿ ಪಿವಟ್ ಟೇಬಲ್ ಹಾಕಿದಾಗ ಮಾದರಿಯಲ್ಲಿ ಬಂದದ್ದು ಹೀಗೆ:

| ಜಾಗ | ಸಾಲು | ಗಂಟೆ |
|---|---|---|
| ಕಂಪ್ರೆಸರ್ | 1 | 14 |
| ಎಲೆಕ್ಟ್ರಿಕಲ್ ಮತ್ತು ಸೆನ್ಸರ್ | 9 | 11 |
| ಚಕ್ ಮತ್ತು ಹೈಡ್ರಾಲಿಕ್ | 6 | 10 |
| ಟರೆಟ್ / ಟೂಲ್ ಚೇಂಜರ್ | 4 | 7 |
| ಕೂಲಂಟ್ ಮತ್ತು ಚಿಪ್ ಕನ್ವೇಯರ್ | 7 | 6 |
| ಲೂಬ್ರಿಕೇಷನ್ | 2 | 2 |
| ಗೊತ್ತಿಲ್ಲ | 2 | 2 |

ಇದನ್ನು ಮೇಲಿಂದ ಕೆಳಕ್ಕೆ ಓದಿ ಕಂಪ್ರೆಸರ್ ದೊಡ್ಡ ಸಮಸ್ಯೆ ಎಂದು ತೀರ್ಮಾನಿಸಬೇಡಿ. ಅದು ತಿಂಗಳಲ್ಲಿ ಒಂದು ಸಲ ನಿಂತಿತು. 14ರಲ್ಲಿ 11 ಗಂಟೆ ವಾಲ್ವ್ ಕಿಟ್‌ಗೆ ಕಾದದ್ದು. ಹಳೆಯ ಕಂಪ್ರೆಸರ್ ಹಾಕಿಕೊಂಡು ಎರಡು ಗಂಟೆಯೊಳಗೆ ವಿಎಂಸಿಗಳು ಓಡಿದವು. ಅಂದರೆ ಕಂಪ್ರೆಸರ್ ನಿಂತದ್ದು 14 ಗಂಟೆ, ಪ್ರೊಡಕ್ಷನ್ ನಿಂತದ್ದು 2 ಗಂಟೆ. ಈ ಎರಡು ಸಂಖ್ಯೆಗಳೂ ಪಕ್ಕಪಕ್ಕ ಇರಬೇಕು. ಎಲೆಕ್ಟ್ರಿಕಲ್ ಗುಂಪಿನ 9 ಸಾಲು ಆರು ಮೆಷಿನ್‌ಗಳಲ್ಲಿ ಚದುರಿವೆ. ಹತ್ತು ಗಂಟೆಯ ಚಕ್ ಗುಂಪಿನಲ್ಲಿ ಎಂಟೂವರೆ ಗಂಟೆ ಒಂದೇ ಮೆಷಿನ್‌ದು. ಗುಂಪಿನ ಮೊತ್ತ ಇದನ್ನು ತೋರಿಸುವುದಿಲ್ಲ. ಅದಕ್ಕೇ ಮುಂದಿನ ಹೆಜ್ಜೆ.

ನಾಲ್ಕನೇ ಹೆಜ್ಜೆ: ಮರುಕಳಿಸಿದ ದೋಷ

ಅದೇ ಮೆಷಿನ್, ಅದೇ ಜಾಗ, 30 ದಿನದೊಳಗೆ ಎರಡನೇ ಸಲ. ಇಷ್ಟಿದ್ದರೆ ಮರುಕಳಿಸಿದ ದೋಷ ಎಂದು ಗುರುತಿಸಿ. A ಕಾಲಂನಲ್ಲಿ ಮೆಷಿನ್, B ಕಾಲಂನಲ್ಲಿ ತಾರೀಖು, H ಕಾಲಂನಲ್ಲಿ ಜಾಗ ಇದ್ದರೆ:

```
=COUNTIFS(A:A,A2,H:H,H2,B:B,">="&B2-30,B:B,"<="&B2)
```

ಉತ್ತರ 2 ಅಥವಾ ಅದಕ್ಕಿಂತ ಜಾಸ್ತಿ ಬಂದ ಸಾಲುಗಳನ್ನೆಲ್ಲ ತೆಗೆದು ಓದಿ. ಹಿಂದಿನ ತಿಂಗಳ ಸಾಲುಗಳೂ ಅದೇ ಹಾಳೆಯಲ್ಲಿರಬೇಕು. ಇಲ್ಲದಿದ್ದರೆ ಮೇ 28ಕ್ಕೆ ಕೆಟ್ಟು ಜೂನ್ 2ಕ್ಕೆ ಮತ್ತೆ ಕೆಟ್ಟದ್ದು ಹೊಸ ದೋಷವಾಗಿಯೇ ಕಾಣುತ್ತದೆ. ರಿಪೇರಿ ಆಗಿ ಎರಡು ದಿನದೊಳಗೆ ಮತ್ತೆ ಬಂದಿದ್ದರೆ ಅದಕ್ಕೆ ಬೇರೆ ಗುರುತು ಹಾಕಿ. ಅಲ್ಲಿ ಮೊದಲ ರಿಪೇರಿಯೇ ಪೂರ್ತಿ ಆಗಿಲ್ಲದಿರುವ ಸಾಧ್ಯತೆ ಹೆಚ್ಚು.

ಸೂತ್ರ ಅನುಮಾನವನ್ನು ಎತ್ತಿ ತೋರಿಸುತ್ತದೆ ಅಷ್ಟೇ. ಓದಿ ಅರ್ಥ ಮಾಡಿಕೊಳ್ಳಬೇಕಾದವರು ನೀವು. ಸಿಎನ್‌ಸಿ-4ರ ಐದು ಸಾಲನ್ನು ಈಗ ಒಟ್ಟಿಗೆ ಓದಿ ನೋಡಿ.

ಎರಡು ಸಲ ಹೈಡ್ರಾಲಿಕ್ ಆಯಿಲ್ ಹಾಕಿದ್ದಾರೆ, ಒಟ್ಟು 18 ಲೀಟರ್. ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಸ್ಲೈಡ್‌ವೇ ಲೂಬ್ರಿಕೇಷನ್ ಆಯಿಲ್ ಖರ್ಚಾಗುವ ಆಯಿಲ್. ಗೈಡ್‌ವೇ ಮೇಲೆ ಬಿದ್ದು ಹೋಗುತ್ತದೆ, ವಾಪಸ್ ಬರುವುದಿಲ್ಲ. ಅದನ್ನು ತುಂಬುತ್ತಲೇ ಇರಬೇಕು. ಹೈಡ್ರಾಲಿಕ್ ಆಯಿಲ್ ಹಾಗಲ್ಲ. ಟ್ಯಾಂಕ್‌ನಿಂದ ಹೊರಟು ಸುತ್ತಿ ಟ್ಯಾಂಕ್‌ಗೇ ಬರುತ್ತದೆ. ಅದು ಕಡಿಮೆಯಾಗಿದೆ ಅಂದರೆ ಎಲ್ಲೋ ಹೊರಗೆ ಹೋಗುತ್ತಿದೆ. ಆದರೆ ನೆಲದ ಮೇಲೆ ಆಯಿಲ್ ಚೆಲ್ಲಿದೆ ಎಂದು ಯಾವ ಸಾಲಿನಲ್ಲೂ ಇಲ್ಲ. ಹಾಗಾದರೆ 18 ಲೀಟರ್ ಎಲ್ಲಿಗೆ ಹೋಯಿತು?

ಲೇತ್‌ನಲ್ಲಿ ಸ್ಪಿಂಡಲ್‌ನ ಹಿಂಬದಿ ರೋಟರಿ ಹೈಡ್ರಾಲಿಕ್ ಸಿಲಿಂಡರ್ ಇರುತ್ತದೆ. ಚಕ್ ಅನ್ನು ಎಳೆದು ಹಿಡಿಯುವುದು ಅದೇ. ಅದರೊಳಗೆ ಸ್ವಲ್ಪ ಆಯಿಲ್ ಸೋರುವುದು ಸಹಜ, ಆ ಆಯಿಲ್ ಡ್ರೈನ್ ಹೋಸ್ ಮೂಲಕ ಟ್ಯಾಂಕ್‌ಗೆ ವಾಪಸ್ ಬರುತ್ತದೆ. ಡ್ರೈನ್ ಹೋಸ್ ಮಡಚಿಕೊಂಡರೆ, ಬಿರುಕು ಬಿಟ್ಟರೆ, ಇಲ್ಲವೇ ಸಿಲಿಂಡರ್ ಸವೆದು ಸೋರಿಕೆ ಜಾಸ್ತಿಯಾದರೆ ಆಯಿಲ್ ಉಕ್ಕಿ ಮೆಷಿನ್ ಒಳಗೇ ಇಳಿದು ಕೂಲಂಟ್ ಟ್ಯಾಂಕ್ ಸೇರಬಹುದು. ನೆಲ ಒಣಗಿಯೇ ಇರುತ್ತದೆ. ಕೂಲಂಟ್ ಮೇಲೆ ತೇಲುವ ಆಯಿಲ್ ಪದರ ಸಾಕ್ಷಿ. ಆಯಿಲ್ ಸ್ಕಿಮ್ಮರ್ ಇದ್ದರೆ ಅದೂ ತೆಗೆದು ಹಾಕಿರುತ್ತದೆ, ಆಗ ಸ್ಕಿಮ್ಮರ್ ಡಬ್ಬ ಎಷ್ಟು ದಿನಕ್ಕೊಮ್ಮೆ ತುಂಬುತ್ತಿದೆ ಎಂದು ಕೇಳಬೇಕು. ಸ್ಲೈಡ್‌ವೇ ಆಯಿಲ್ ಕೂಡ ಕೂಲಂಟ್ ಮೇಲೆ ತೇಲುತ್ತದೆ. ಹಾಗಾಗಿ ಪದರ ಕಂಡ ಮಾತ್ರಕ್ಕೆ ತೀರ್ಮಾನ ಮಾಡುವ ಹಾಗಿಲ್ಲ. ಸ್ಲೈಡ್‌ವೇ ಆಯಿಲ್ ಎಂದಿನಷ್ಟೇ ಖರ್ಚಾಗಿ ಪದರ ಮಾತ್ರ ದಪ್ಪವಾಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಈಗ ಉಳಿದ ಸಾಲುಗಳಿಗೆ ಅರ್ಥ ಬರುತ್ತದೆ. ಲೆವೆಲ್ ಇಳಿದರೆ ಪಂಪ್ ಗಾಳಿ ಎಳೆಯುತ್ತದೆ, ಪ್ರೆಷರ್ ಏರುಪೇರಾಗುತ್ತದೆ. 3ನೇ ತಾರೀಖಿನ ಅಲಾರಂ ಅದರಿಂದಲೇ ಬಂದಿರಬಹುದು. ನಾಬ್ ತಿರುಗಿಸಿದ್ದರಿಂದ ಅಲಾರಂ ಹೋಯಿತು, ಸೋರಿಕೆ ಹೋಗಲಿಲ್ಲ. 17ರಂದು ಬದಲಾಯಿಸಿದ ಹಳೆಯ ಸ್ವಿಚ್ ನಿಜವಾಗಿಯೂ ಕೆಟ್ಟಿತ್ತಾ? ಅದು ಇನ್ನೂ ಮೇಜಿನ ಡ್ರಾಯರ್‌ನಲ್ಲಿದ್ದರೆ ಮೀಟರ್ ಹಿಡಿದು ಪರೀಕ್ಷಿಸಬಹುದು. ಸರಿಯಾಗಿದ್ದರೆ ಮೂರು ಗಂಟೆ ಕಾದು ತಂದ ಸ್ವಿಚ್ ರೋಗಕ್ಕೆ ಸಂಬಂಧವೇ ಇಲ್ಲದ ಮದ್ದು.

11ನೇ ತಾರೀಖಿನ ಸಾಲಿನ ಬಗ್ಗೆ ಮಾತ್ರ ಹುಷಾರಾಗಿರಿ. ಎರಡು ದಿನ ಮೊದಲಷ್ಟೇ 8 ಲೀಟರ್ ಹಾಕಿದ್ದರು. ಅಷ್ಟರಲ್ಲಿ ಲೆವೆಲ್ ಮತ್ತೆ ಇಳಿದಿತ್ತು ಎಂದು ಹೇಳಲು ಆಧಾರ ಇಲ್ಲ. ಜಾ ಸವೆದೂ ಜಾಬ್ ಜಾರುತ್ತದೆ, ಕಟ್ ಜಾಸ್ತಿ ಕೊಟ್ಟರೂ ಜಾರುತ್ತದೆ. ಕಥೆಗೆ ಚೆನ್ನಾಗಿ ಹೊಂದುತ್ತದೆ ಎಂದು ಸೇರಿಸಿಬಿಡುವುದು ಸರಿಯಲ್ಲ. ಪ್ರಶ್ನಾರ್ಥಕ ಚಿಹ್ನೆ ಹಾಕಿ ಸೇರಿಸಿ. ವರದಿಯಲ್ಲಿ ಹೀಗೆ ಬರಲಿ: 4 ಸಾಲು, 6 ಗಂಟೆ 20 ನಿಮಿಷ, ಅನುಮಾನದ ಒಂದು ಸಾಲು ಸೇರಿದರೆ 8 ಗಂಟೆ 30 ನಿಮಿಷ.

ಇದೇ ಸಾಲು ಇನ್ನೊಂದು ಕಾರಣಕ್ಕೆ ಮುಖ್ಯ. ತಿರುಗುವ ಚಕ್‌ನಿಂದ ಜಾಬ್ ಜಾರುವುದು ಆಪರೇಟರ್ ಪ್ರಾಣಕ್ಕೆ ಅಪಾಯ. ಲಾಗ್‌ಬುಕ್ ಓದುವಾಗ ಇಂಥದ್ದು ಕಂಡರೆ ತಿಂಗಳ ವರದಿಗೆ ಕಾಯಬಾರದು. ಅದೇ ದಿನ ಸೂಪರ್‌ವೈಸರ್‌ಗೆ ಹೇಳಿ.

ಎಲ್ಲ ಮರುಕಳಿಕೆಯೂ ಒಂದೇ ಮೆಷಿನ್‌ನಲ್ಲಿ ಇರಬೇಕೆಂದಿಲ್ಲ. ಮಾದರಿಯ ತಿಂಗಳಲ್ಲಿ 3 ಮೆಷಿನ್‌ಗಳಿಗೆ ಸೇರಿ 4 ಪ್ರಾಕ್ಸಿಮಿಟಿ ಸ್ವಿಚ್ ಹೋಗಿವೆ. ಸೂತ್ರ ಇದನ್ನು ಹಿಡಿಯುವುದಿಲ್ಲ. ಸ್ಪೇರ್ ಪಟ್ಟಿಯಲ್ಲಿ ಮಾತ್ರ ಕಾಣುತ್ತದೆ. ಸರಕೇ ಸರಿ ಇಲ್ಲವಾ, ಕನೆಕ್ಟರ್ ಒಳಗೆ ಕೂಲಂಟ್ ಇಳಿಯುತ್ತಿದೆಯಾ, ಚಿಪ್ಸ್ ಬಡಿಯುತ್ತಿವೆಯಾ ಎಂದು ತೆಗೆದ ಸ್ವಿಚ್‌ಗಳನ್ನೇ ನೋಡಿ ಹೇಳಬೇಕು. ಆದ್ದರಿಂದ ತೆಗೆದ ಭಾಗಗಳನ್ನು ಮೆಷಿನ್ ನಂಬರ್, ತಾರೀಖು ಬರೆದ ಚೀಟಿ ಕಟ್ಟಿ ಒಂದು ತಿಂಗಳಾದರೂ ಇಡಿ.

ಮರುಕಳಿಕೆಯ ಪಟ್ಟಿಯಲ್ಲಿ ಟೆಕ್ನಿಷಿಯನ್ ಹೆಸರು ಹಾಕಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಿಎನ್‌ಸಿ-4ಕ್ಕೆ ಬೇರೆ ಬೇರೆ ಶಿಫ್ಟ್‌ನವರು ಹೋಗಿದ್ದಾರೆ, ಅವರವರ ಎದುರಿಗೆ ಕಂಡದ್ದನ್ನು ಅವರು ಸರಿ ಮಾಡಿದ್ದಾರೆ. ಹೆಸರು ಬಂದರೆ ಮುಂದಿನ ತಿಂಗಳಿಂದ ಪುಸ್ತಕದಲ್ಲಿ "ಚೆಕ್ ಮಾಡಿದೆ, ಓಕೆ" ಎಂಬುದು ಬಿಟ್ಟು ಬೇರೇನೂ ಇರುವುದಿಲ್ಲ.

ಐದನೇ ಹೆಜ್ಜೆ: ಸ್ಪೇರ್ ಲೆಕ್ಕ

ಲಾಗ್‌ಬುಕ್‌ನಲ್ಲಿ ಬರೆದದ್ದು ಒಂದು, ಸ್ಟೋರ್ ಕೊಟ್ಟದ್ದು ಇನ್ನೊಂದು, ಮೆಷಿನ್‌ಗೆ ಹೋದದ್ದು ಮತ್ತೊಂದು. ಮೂರನ್ನೂ ಪಕ್ಕಪಕ್ಕ ಇಡಿ. ಸ್ಟೋರ್‌ನಿಂದ ಇಶ್ಯೂ ಸ್ಲಿಪ್ ಪಟ್ಟಿ ತರಿಸಿ, ವಾಪಸ್ ಬಂದದ್ದು ಮತ್ತು ಲೈನ್‌ನಲ್ಲಿ ಉಳಿದದ್ದು ಕಳೆಯಿರಿ.

ಹೈಡ್ರಾಲಿಕ್ ಆಯಿಲ್ ತೆಗೆದುಕೊಳ್ಳಿ. ಸಿಎನ್‌ಸಿ-4ರ ಹೆಸರಿಗೆ ಸ್ಟೋರ್ 20 ಲೀಟರ್‌ನ ಎರಡು ಬಕೆಟ್ ಕೊಟ್ಟಿದೆ, 40 ಲೀಟರ್. ಲೈನ್‌ನಲ್ಲಿ ಹೋಗಿ ನೋಡಿದರೆ 15 ಲೀಟರ್ ಉಳಿದಿದೆ. ಅಂದರೆ 25 ಲೀಟರ್ ಖರ್ಚಾಗಿದೆ. ಲಾಗ್‌ಬುಕ್‌ನಲ್ಲಿ ಇರುವುದು 18. ಉಳಿದ 7 ಲೀಟರ್? ಬಕೆಟ್ ಪಕ್ಕದಲ್ಲೇ ಇದ್ದರೆ ಅಲಾರಂ ಬಂದಾಗ ಆಪರೇಟರ್‌ಗಳೇ ಸುರಿದು ಮೆಷಿನ್ ಓಡಿಸಿರುತ್ತಾರೆ, ಯಾರಿಗೂ ಹೇಳಿರುವುದಿಲ್ಲ. ಇದನ್ನು ಕಳ್ಳತನ ಎಂದು ನೋಡಬೇಡಿ. ದೋಷ ಲಾಗ್‌ಬುಕ್ ತೋರಿಸಿದ್ದಕ್ಕಿಂತ ದೊಡ್ಡದು ಎಂಬ ಸುಳಿವು ಇದು. ಶಿಫ್ಟ್‌ನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ಹೆಸರಿನ ಗೊಂದಲ ಸ್ಪೇರ್‌ನಲ್ಲೂ ಇದೆ. ಒಂದು ಕಡೆ "6205 ಬೇರಿಂಗ್", ಇನ್ನೊಂದು ಕಡೆ "6205 ಝಡ್‌ಝಡ್", ಮತ್ತೊಂದು ಕಡೆ "6205 2ಝಡ್" ಎಂದು ಇರುತ್ತದೆ. ಕೊನೆಯ ಎರಡೂ ಎರಡು ಕಡೆ ಲೋಹದ ಮುಚ್ಚಳ ಇರುವವೇ. ಕಂಪನಿ ಬೇರೆ, ಗುರುತು ಬೇರೆ. ಒಂದೇ ಹೆಸರಿಗೆ ತನ್ನಿ. ಆದರೆ "2ಆರ್‌ಎಸ್" ಎಂದಿದ್ದರೆ ಅದು ರಬ್ಬರ್ ಸೀಲ್‌ನದ್ದು, ಬೇರೆಯಾಗಿಯೇ ಇರಲಿ. ಕೂಲಂಟ್ ಚಿಮ್ಮುವ ಜಾಗದಲ್ಲಿ ಈ ವ್ಯತ್ಯಾಸವೇ ಬೇರಿಂಗ್ ಬಾಳಿಕೆ ನಿರ್ಧರಿಸಬಹುದು. ಬರೀ "6205" ಎಂದಿದ್ದರೆ ಸ್ಟೋರ್ ಸ್ಲಿಪ್ ನೋಡಿ, ಅಲ್ಲಿ ಐಟಂ ಕೋಡ್ ಇರುತ್ತದೆ. ಅಳತೆಯನ್ನೂ ಒಂದೇ ಮಾಡಿ. ಆಯಿಲ್ ಲೀಟರ್‌ನಲ್ಲಿ, ಹೋಸ್ ಮೀಟರ್‌ನಲ್ಲಿ, ಉಳಿದದ್ದು ಸಂಖ್ಯೆಯಲ್ಲಿ. "ಒಂದು ಬಕೆಟ್", "ಸ್ವಲ್ಪ" ಎಂಬುದನ್ನು ಹಾಗೇ ಬಿಟ್ಟರೆ ಕೂಡಿಸಲು ಬರುವುದಿಲ್ಲ.

ಸ್ಟೋರ್ ಪುಸ್ತಕಕ್ಕೆ ಬಾರದ ಎರಡು ದಾರಿಗಳಿವೆ. ನಿಂತ ಮೆಷಿನ್‌ನಿಂದ ಕಿತ್ತು ಇನ್ನೊಂದಕ್ಕೆ ಹಾಕಿದ ಭಾಗ, ಮತ್ತು ಹಳೆಯದನ್ನೇ ರಿಪೇರಿ ಮಾಡಿಸಿ ಹಾಕಿದ ಭಾಗ. ಇವೆರಡನ್ನೂ ಬೇರೆ ಗುರುತಿನಲ್ಲಿ ಬರೆಯಿರಿ. ಕಿತ್ತ ಮೆಷಿನ್‌ಗೆ ಆ ಭಾಗ ಇನ್ನೂ ಬೇಕಾಗಿದೆ ಎಂಬುದು ಖರೀದಿ ಪಟ್ಟಿಗೆ ಹೋಗಬೇಕು.

ಕೊನೆಯ ಹೆಜ್ಜೆ: ಆ ಒಂದು ಪುಟ

ಸೂಪರ್‌ವೈಸರ್ ಬೆಳಗಿನ ಮೀಟಿಂಗ್‌ಗೆ ಹೋಗುವ ದಾರಿಯಲ್ಲಿ ಓದುವ ಪುಟ ಇದು. ತೀರ್ಮಾನ ಬೇಡುವ ವಿಷಯ ಮೇಲೆ, ಪಟ್ಟಿ ಕೆಳಗೆ. ಮಾದರಿಯ ಪುಟ ಹೀಗೆ ಬರುತ್ತದೆ:

> ಜೂನ್: 31 ಬ್ರೇಕ್‌ಡೌನ್, 52 ಗಂಟೆ. ಇದರಲ್ಲಿ ಸ್ಪೇರ್‌ಗೆ ಕಾದದ್ದು 17 ಗಂಟೆ (ಕಂಪ್ರೆಸರ್ 11, ಸಿಎನ್‌ಸಿ-4ರ ಸ್ವಿಚ್ 3, ಉಳಿದವು 3). 10 ನಿಮಿಷಕ್ಕಿಂತ ಕಡಿಮೆ ನಿಂತದ್ದು ಲಾಗ್‌ಬುಕ್‌ನಲ್ಲಿ ಇಲ್ಲ, ಇಲ್ಲಿಯೂ ಇಲ್ಲ.
>
> ಸಿಎನ್‌ಸಿ-4, ಚಕ್ ಮತ್ತು ಹೈಡ್ರಾಲಿಕ್: 4 ಸಲ, 6 ಗಂ 20 ನಿ. 11ನೇ ತಾರೀಖಿನದು ಸೇರಿದರೆ 5 ಸಲ, 8 ಗಂ 30 ನಿ. ಬರೆದದ್ದು: ಪ್ರೆಷರ್ ಲೋ, ಆಯಿಲ್ ಲೋ, ಕ್ಲ್ಯಾಂಪ್ ಇಲ್ಲ. ಕಾರಣ ಎಲ್ಲೂ ಬರೆದಿಲ್ಲ. ಅನುಮಾನ: ರೋಟರಿ ಸಿಲಿಂಡರ್ ಸೋರಿಕೆ ಅಥವಾ ಡ್ರೈನ್ ಹೋಸ್. ಆಯಿಲ್ 25 ಲೀ ಖರ್ಚು, ಲಾಗ್‌ಬುಕ್‌ನಲ್ಲಿ 18. ಮಾಡಬೇಕಾದದ್ದು: ಹಿಂದಿನ ಕವರ್ ತೆಗೆದು ಡ್ರೈನ್ ಹೋಸ್ ನೋಡುವುದು, ಕೂಲಂಟ್ ಟ್ಯಾಂಕ್ ನೋಡುವುದು, ಹಳೆಯ ಸ್ವಿಚ್ ಪರೀಕ್ಷಿಸುವುದು. ಅಲ್ಲಿಯವರೆಗೆ ಪ್ರತಿ ಶಿಫ್ಟ್‌ನಲ್ಲಿ ಆಯಿಲ್ ಲೆವೆಲ್ ಮತ್ತು ಚಕ್ ಪ್ರೆಷರ್ ಬರೆಯುವುದು.
>
> ಸಿಎನ್‌ಸಿ-2, ಚಿಪ್ ಕನ್ವೇಯರ್: 3 ಸಲ ಜಾಮ್. ಕಾರಣ ಬರೆದಿಲ್ಲ.
>
> ಪ್ರಾಕ್ಸಿಮಿಟಿ ಸ್ವಿಚ್: 3 ಮೆಷಿನ್, 4 ಸ್ವಿಚ್. ತೆಗೆದವು ಮೆಂಟೆನೆನ್ಸ್ ರೂಮಿನಲ್ಲಿವೆ.
>
> ಕಂಪ್ರೆಸರ್: 1 ಸಲ, 14 ಗಂ. ಪ್ರೊಡಕ್ಷನ್ ನಿಂತದ್ದು 2 ಗಂ. ವಾಲ್ವ್ ಕಿಟ್ ಸ್ಟಾಕ್ ಇಡಬೇಕೇ ಎಂದು ತೀರ್ಮಾನ ಬೇಕು.

ಇದರ ಕೆಳಗೆ ಜಾಗವಾರು ಟೇಬಲ್, ಆಮೇಲೆ ಸ್ಪೇರ್ ಪಟ್ಟಿ. "ಬರೆದದ್ದು" ಮತ್ತು "ಅನುಮಾನ" ಎಂಬ ಎರಡು ಮಾತುಗಳು ಪುಟದಲ್ಲಿ ಯಾವತ್ತೂ ಬೆರೆಯಬಾರದು. ಒಂದು ಸಲ ಅನುಮಾನವನ್ನು ಕಾರಣ ಎಂದು ಅಚ್ಚು ಹಾಕಿದರೆ ಅದನ್ನೇ ನಂಬಿ ಸೀಲ್ ಕಿಟ್ ಆರ್ಡರ್ ಆಗುತ್ತದೆ. ಆಮೇಲೆ ನೋಡಿದರೆ ಹೋಗಿದ್ದು ಹೋಸ್ ಮಾತ್ರ.

ಕೊಡುವ ಮುನ್ನ ಮೂರು ಮೊತ್ತಗಳನ್ನು ತಾಳೆ ನೋಡಿ. ಜಾಗವಾರು ಗಂಟೆಗಳ ಮೊತ್ತ 52 ಆಗಬೇಕು, ಖಾಲಿ ಬಿಟ್ಟ ಕೋಶ ಇಲ್ಲದಿದ್ದರೆ ನಿಂತ ಸಮಯದ ನಾಲ್ಕು ಪಾಲುಗಳ ಮೊತ್ತವೂ 52 ಆಗಬೇಕು. ಸಾಲುಗಳ ಮೊತ್ತ 31, ಅದಕ್ಕೆ ಹೊರಗಿಟ್ಟ 5 ಮತ್ತು ಕಂಪ್ರೆಸರ್‌ಗೆ ಕಟ್ಟಿದ 2 ಸೇರಿ 38. ಒಂದು ನಿಮಿಷ ಹೆಚ್ಚು ಕಡಿಮೆ ಬಂದರೂ ಯಾವುದೋ ಸಾಲು ಎರಡು ಸಲ ಸೇರಿದೆ ಅಥವಾ ಬಿಟ್ಟುಹೋಗಿದೆ.

ಮೆಷಿನ್ ಬಿಚ್ಚಿ ನೋಡಿದ ಮೇಲೆ ನಿಜವಾದ ಕಾರಣವನ್ನು ಆ ಐದು ಸಾಲುಗಳ F ಕಾಲಂಗೆ ಬಿಚ್ಚಿದ ತಾರೀಖಿನ ಸಮೇತ ಸೇರಿಸಿ. ಜುಲೈ ಪುಟದಲ್ಲಿ ಸಿಎನ್‌ಸಿ-4ರ ಸಾಲು ಇರಲೇಬೇಕು, ಬ್ರೇಕ್‌ಡೌನ್ ಸೊನ್ನೆ ಆಗಿದ್ದರೂ. ಅಲ್ಲಿ ನೋಡಬೇಕಾದದ್ದು ಅಲಾರಂ ಬಂತೋ ಇಲ್ಲವೋ ಎಂದಲ್ಲ, ಸ್ಟೋರ್‌ನಿಂದ ಆ ಮೆಷಿನ್‌ಗೆ ಹೈಡ್ರಾಲಿಕ್ ಆಯಿಲ್ ಎಷ್ಟು ಹೋಯಿತು ಎಂದು. ರಿಪೇರಿ ವೇಳೆ ತುಂಬಿದ್ದನ್ನು ಬಿಟ್ಟು ಒಂದು ಬಕೆಟ್ ಹೋಗಿದ್ದರೂ ಸೋರಿಕೆ ಇನ್ನೂ ನಿಂತಿಲ್ಲ.